ಸಾಲ ತೀರಿಸಿ ಕಂಪನಿ ಮುಚ್ಚುವ ಕ್ರಮ: ಸ್ವಯಂಪ್ರೇರಿತ ಸಮಾಪನದಲ್ಲಿ ಲಿಕ್ವಿಡೇಟರ್ ಮತ್ತು ಪಾವತಿಯ ಸರದಿ

(ಸಣ್ಣ ಉದ್ಯಮಿಗಳು ಮತ್ತು ಲೆಕ್ಕಪತ್ರ ವೃತ್ತಿಯವರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ. ಇಲ್ಲಿ ಹೇಳಿರುವ ಕಾನೂನು 2016ರ ದಿವಾಳಿ ಸಂಹಿತೆ, 2017ರ ಸ್ವಯಂಪ್ರೇರಿತ ಸಮಾಪನ ನಿಯಮಾವಳಿ ಹಾಗೂ ಅದಕ್ಕೆ 2022 ಮತ್ತು 2024ರಲ್ಲಿ ಬಂದ ತಿದ್ದುಪಡಿಗಳನ್ನು ಆಧರಿಸಿದೆ.)

ಸಭಿಕರೆ,

ಕಂಪನಿ ಮುಚ್ಚುವುದು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ದಿವಾಳಿ. ಆದರೆ ನಾನು ಇಂದು ಹೇಳಹೊರಟಿರುವುದು ಸಾಲ ತೀರಿಸುವ ಶಕ್ತಿ ಇರುವಾಗಲೇ, ಮಾಲೀಕರು ತಾವಾಗಿಯೇ ನಿರ್ಧರಿಸಿ ಕಂಪನಿಯನ್ನು ಮುಚ್ಚುವ ಕ್ರಮದ ಬಗ್ಗೆ. ಸಂಹಿತೆಯ 59ನೇ ಕಲಮು ಇದಕ್ಕೆ ಆಧಾರ. 2017ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಅದಕ್ಕೂ ಮೊದಲು, 1956ರ ಕಂಪನಿ ಕಾಯ್ದೆಯಲ್ಲಿ, ಸದಸ್ಯರು ನಡೆಸುವ ಸಮಾಪನ ಮತ್ತು ಸಾಲದಾತರು ನಡೆಸುವ ಸಮಾಪನ ಎಂದು ಎರಡು ದಾರಿಗಳಿದ್ದವು. ಎರಡನೆಯದನ್ನು ಸಾಲ ತೀರಿಸಲಾಗದ ಕಂಪನಿಯೂ ಹಿಡಿಯಬಹುದಿತ್ತು. ಈಗ ಆ ದಾರಿ ಇಲ್ಲ. ಯಾವುದೇ ಬಾಕಿಯನ್ನು ಗಡುವು ಮೀರಿ ಉಳಿಸಿಕೊಂಡಿರುವ ಕಂಪನಿಗೆ 59ನೇ ಕಲಮಿನ ಬಾಗಿಲು ತೆರೆಯುವುದಿಲ್ಲ.

ಹಾಗಿದ್ದರೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎಲ್ಲರಿಗೂ ಪೂರ್ತಿ ಹಣ ಕೊಡುವ ಶಕ್ತಿ ಇದ್ದರೆ, ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಆಮೇಲೆ ಎಂಬ ಸರದಿ ಏಕೆ ಬೇಕು? ಉತ್ತರ ಸರಳ. ಶಕ್ತಿ ಇದೆ ಎಂದು ನಿರ್ದೇಶಕರು ಹೇಳುವುದು ಆಸ್ತಿ ಮಾರುವ ಮುನ್ನ, ಕ್ಲೇಮುಗಳು ಬರುವ ಮುನ್ನ. ಅದು ಅಂದಾಜು ಮಾತ್ರ. ಅಂದಾಜು ನಿಜವಾದರೆ ಸರದಿ ಯಾರಿಗೂ ನೋವು ಕೊಡುವುದಿಲ್ಲ. ಸುಳ್ಳಾದರೆ ಯಾರ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಆ ಸರದಿಯೇ ತೀರ್ಮಾನಿಸುತ್ತದೆ. ಇದನ್ನು ಕಲ್ಪಿತವಾದ ಒಂದು ಕಂಪನಿಯ ಲೆಕ್ಕದಿಂದಲೇ ನೋಡೋಣ.

ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆ ಶೆಡ್ಡಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಇಬ್ಬರು ಅಣ್ಣ-ತಮ್ಮಂದಿರೇ ನಿರ್ದೇಶಕರು, ಅವರೇ ಷೇರುದಾರರು. ಇಬ್ಬರಿಗೂ ವಯಸ್ಸಾಗಿದೆ, ಮಕ್ಕಳಿಗೆ ಈ ಕಸುಬು ಬೇಡ. ಕಂಪನಿಯ ಬ್ಯಾಂಕ್ ಖಾತೆಯಲ್ಲಿ 40 ಲಕ್ಷ ರೂಪಾಯಿ ಇದೆ. ಯಂತ್ರಗಳ ಮೌಲ್ಯ 110 ಲಕ್ಷ, ಗ್ರಾಹಕರಿಂದ ಬರಬೇಕಾದದ್ದು 50 ಲಕ್ಷ, ಶೆಡ್ಡಿನ ಅಡ್ವಾನ್ಸ್ 10 ಲಕ್ಷ. ಒಟ್ಟು 210 ಲಕ್ಷ. ಕೊಡಬೇಕಾದ್ದರಲ್ಲಿ ಯಂತ್ರಗಳ ಮೇಲೆ ಹೈಪೊಥಿಕೇಷನ್, ಎಂದರೆ ಯಂತ್ರಗಳು ಕಂಪನಿಯ ಬಳಿಯೇ ಇದ್ದು ಸಾಲಕ್ಕೆ ಭದ್ರತೆಯಾಗಿರುವ ಏರ್ಪಾಡು, ಇರುವ ಬ್ಯಾಂಕ್ ಸಾಲ 60 ಲಕ್ಷ. ಕೆಲಸ ನಿಲ್ಲುವುದರಿಂದ ಕಾರ್ಮಿಕರಿಗೆ ಸಲ್ಲಬೇಕಾದ ಸಂಬಳ, ರಜೆಯ ಹಣ ಮತ್ತು ಪರಿಹಾರ 12 ಲಕ್ಷ. ಆಫೀಸಿನ ಸಿಬ್ಬಂದಿಗೆ 6 ಲಕ್ಷ. ಯಾವ ಭದ್ರತೆಯೂ ಇಲ್ಲದೆ ಒಂದು ಹಣಕಾಸು ಸಂಸ್ಥೆ ಕೊಟ್ಟ ಸಾಲ 15 ಲಕ್ಷ. ಜಿಎಸ್‌ಟಿ 4 ಲಕ್ಷ. ಉಕ್ಕು, ಟೂಲು, ಪ್ಲೇಟಿಂಗ್ ಕೆಲಸ ಒದಗಿಸಿದ ಸರಬರಾಜುದಾರರಿಗೆ 23 ಲಕ್ಷ. ಒಟ್ಟು 120 ಲಕ್ಷ. ಇದರಲ್ಲಿ ಯಾವುದೂ ಗಡುವು ಮೀರಿಲ್ಲ. ಕಾಗದದ ಮೇಲೆ 90 ಲಕ್ಷ ಮಿಗುವ ಗಟ್ಟಿ ಕಂಪನಿ.

ಮೊದಲ ಹೆಜ್ಜೆ ನಿರ್ದೇಶಕರ ಘೋಷಣೆ. ಬಹುಮತದ ನಿರ್ದೇಶಕರು ಅಫಿಡವಿಟ್ ಮೂಲಕ ಎರಡು ಮಾತು ಹೇಳಬೇಕು: ಕಂಪನಿಯ ವ್ಯವಹಾರವನ್ನು ಪೂರ್ತಿಯಾಗಿ ವಿಚಾರಿಸಿದ್ದೇವೆ, ಅದಕ್ಕೆ ಸಾಲವೇ ಇಲ್ಲ ಅಥವಾ ಆಸ್ತಿ ಮಾರಿದ ಹಣದಿಂದ ಸಾಲವನ್ನೆಲ್ಲ ತೀರಿಸಬಲ್ಲದು ಎಂಬುದು ಒಂದು, ಯಾರನ್ನೂ ವಂಚಿಸಲು ಈ ಸಮಾಪನ ನಡೆಸುತ್ತಿಲ್ಲ ಎಂಬುದು ಇನ್ನೊಂದು. ಇದರ ಜೊತೆ ಹಿಂದಿನ ಎರಡು ವರ್ಷಗಳ ಆಡಿಟ್ ಆದ ಲೆಕ್ಕಪತ್ರ, ವ್ಯವಹಾರದ ದಾಖಲೆ, ನೋಂದಾಯಿತ ಮೌಲ್ಯಮಾಪಕರ ವರದಿಯಿದ್ದರೆ ಅದೂ ಇರಬೇಕು. 2024ರ ತಿದ್ದುಪಡಿಯಿಂದ ಇನ್ನೊಂದು ಹೊಣೆ ಸೇರಿದೆ. ತೆರಿಗೆಯಂಥ ಇಲಾಖೆಗಳ ಮುಂದೆ ಬಾಕಿ ಇರುವ ವಿಚಾರಣೆಗಳನ್ನೂ ಕೋರ್ಟಿನಲ್ಲಿರುವ ದಾವೆಗಳನ್ನೂ ಬಿಚ್ಚಿ ಹೇಳಿ, ಅವುಗಳಿಂದ ಬರಬಹುದಾದ ಹೊರೆಗೆ ಸಾಕಷ್ಟು ಹಣ ತೆಗೆದಿಟ್ಟಿದ್ದೇವೆ ಎಂದು ನಿರ್ದೇಶಕರು ಘೋಷಿಸಬೇಕು. ಇದು ಬರೀ ಕಾಗದದ ಶಾಸ್ತ್ರವಲ್ಲ. ನನ್ನ ಅನುಭವದಲ್ಲಿ ಇಂಥ ಸಮಾಪನಗಳು ಹಳಿ ತಪ್ಪುವುದು ಯಂತ್ರದ ಬೆಲೆಯಲ್ಲಿ ಎಡವಿದ್ದರಿಂದ ಅಷ್ಟಾಗಿ ಅಲ್ಲ. ಬೀರುವಿನಲ್ಲಿ ಉತ್ತರ ಕೊಡದೆ ಬಿದ್ದಿದ್ದ ತೆರಿಗೆ ನೋಟಿಸಿನಿಂದಲೇ ಹೆಚ್ಚು.

ಘೋಷಣೆಯಾದ ನಾಲ್ಕು ವಾರದೊಳಗೆ ಷೇರುದಾರರು ವಿಶೇಷ ನಿರ್ಣಯ ಅಂಗೀಕರಿಸಿ, ಅದರಲ್ಲೇ ಆಸ್ತಿ ಮಾರಿ ಬಾಕಿ ತೀರಿಸುವ ಹೊಣೆ ಹೊರುವ ಲಿಕ್ವಿಡೇಟರ್‌ರನ್ನು ನೇಮಿಸಬೇಕು. ನಮ್ಮ ಕಂಪನಿಯ ಘೋಷಣೆ ಏಪ್ರಿಲ್ 1ರಂದು ಆಯಿತೆನ್ನಿ. ಏಪ್ರಿಲ್ 29ರೊಳಗೆ ಸಭೆ ಮುಗಿಯಬೇಕು. ಆದರೆ ಸಾಮಾನ್ಯ ಸಭೆಗೆ 21 ಪೂರ್ಣ ದಿನಗಳ ನೋಟಿಸ್ ಬೇಕಾದ್ದರಿಂದ, ಕಡಿಮೆ ಅವಧಿಯ ನೋಟಿಸಿಗೆ ಷೇರುದಾರರು ಒಪ್ಪದಿದ್ದರೆ, ಕೈಯಲ್ಲಿ ಉಳಿಯುವುದು ಒಂದು ವಾರದಷ್ಟೇ. ಸಭೆ ಏಪ್ರಿಲ್ 24ಕ್ಕೆ ನಡೆಯಿತೆಂದು ಇಟ್ಟುಕೊಳ್ಳೋಣ. ಕಂಪನಿಗೆ ಸಾಲ ಇರುವುದರಿಂದ, ಸಾಲದ ಮೊತ್ತದಲ್ಲಿ ಮೂರನೇ ಎರಡರಷ್ಟು ಪಾಲು ಇರುವ ಸಾಲದಾತರು ಏಳು ದಿನದೊಳಗೆ, ಎಂದರೆ ಮೇ 1ರೊಳಗೆ, ಆ ನಿರ್ಣಯವನ್ನು ಒಪ್ಪಬೇಕು. 120 ಲಕ್ಷದ ಮೂರನೇ ಎರಡು ಪಾಲು 80 ಲಕ್ಷ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆ ಸೇರಿದರೂ 75 ಲಕ್ಷವೇ ಆಗುತ್ತದೆ. ಉಳಿದ 5 ಲಕ್ಷಕ್ಕೆ ಒಬ್ಬ ದೊಡ್ಡ ಸರಬರಾಜುದಾರನ ಅಥವಾ ಕಾರ್ಮಿಕರ ಒಪ್ಪಿಗೆ ಬೇಕೇ ಬೇಕು. ಬ್ಯಾಂಕಿನ ಮ್ಯಾನೇಜರ್ ಹೂಂ ಅಂದರೆ ಸಾಕು ಎಂದುಕೊಂಡವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇಲ್ಲೊಂದು ಸಣ್ಣ ತೊಡಕನ್ನೂ ಗಮನಿಸಬೇಕು. ಸಾಲದಾತರ ಒಪ್ಪಿಗೆಗೆ ಏಳು ದಿನ ಇದೆ. ಲಿಕ್ವಿಡೇಟರ್ ಸಾರ್ವಜನಿಕ ಪ್ರಕಟಣೆ ಕೊಡಬೇಕಾದ್ದು ಮಾತ್ರ ನೇಮಕದ ಐದು ದಿನದೊಳಗೆ. ಒಪ್ಪಿಗೆ ಸಿಗುವ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬಂದು, ಆಮೇಲೆ ಒಪ್ಪಿಗೆ ಸಿಗದೇ ಹೋದರೆ ಮುಜುಗರ ಯಾರಿಗೆ ಎಂದು ಕೇಳಬೇಕಿಲ್ಲ. ಆದ್ದರಿಂದ ಸಾಲದಾತರ ಜೊತೆ ಮೊದಲೇ ಮಾತಾಡಿಟ್ಟುಕೊಂಡು, ಸಭೆಯ ದಿನವೇ ಅಥವಾ ಮರುದಿನವೇ ಅವರ ಲಿಖಿತ ಒಪ್ಪಿಗೆ ಪಡೆಯುವುದು ಜಾಣತನ. ಒಪ್ಪಿಗೆ ಸಿಕ್ಕ ಮೇಲೆ ಏಳು ದಿನದೊಳಗೆ ಕಂಪನಿಗಳ ರಿಜಿಸ್ಟ್ರಾರ್‌ಗೂ ಇಂಥ ಪ್ರಕ್ರಿಯೆಗಳನ್ನು ನಿಯಂತ್ರಿಸುವ ದಿವಾಳಿ ಮಂಡಳಿಗೂ ತಿಳಿಸಬೇಕು. ಸಮಾಪನ ಆರಂಭವಾದ ದಿನ ಎಂದು ಕಾನೂನು ಎಣಿಸುವುದು ಮಾತ್ರ ನಿರ್ಣಯದ ದಿನವನ್ನೇ, ಎಂದರೆ ಏಪ್ರಿಲ್ 24ನ್ನು. ಮುಂದಿನ ಬಹುತೇಕ ಗಡುವುಗಳೂ, ಸರದಿಯ ಲೆಕ್ಕವೂ ನಿಂತಿರುವುದು ಈ ಒಂದು ದಿನಾಂಕದ ಮೇಲೆ.

ಇನ್ನು ಲಿಕ್ವಿಡೇಟರ್. ಮನೆಯವರನ್ನೋ, ವರ್ಷಗಳಿಂದ ಲೆಕ್ಕ ನೋಡುತ್ತಿರುವ ಆಡಿಟರ್‌ರನ್ನೋ ಈ ಸ್ಥಾನಕ್ಕೆ ಕೂರಿಸುವಂತಿಲ್ಲ. ದಿವಾಳಿ ಮಂಡಳಿಯಲ್ಲಿ ನೋಂದಣಿಯಾದ ವೃತ್ತಿಪರರೇ ಆಗಿರಬೇಕು, ಕಂಪನಿಯ ಸಂಬಂಧಿತ ವ್ಯಕ್ತಿ ಆಗಿರಬಾರದು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಕಂಪನಿಯ ಆಡಿಟ್ ಸಂಸ್ಥೆಯ ಪಾಲುದಾರರೋ ನೌಕರರೋ ಆಗಿರಬಾರದು. ಅವರ ಸಂಭಾವನೆ ಸಮಾಪನದ ವೆಚ್ಚದಲ್ಲಿ ಸೇರುತ್ತದೆ. ನೇಮಿಸುವವರು ಷೇರುದಾರರೇ ಆದರೂ ಅವರ ನಿಷ್ಠೆ ಷೇರುದಾರರಿಗೆ ಮಾತ್ರ ಸಲ್ಲುವಂಥದ್ದಲ್ಲ. ಅವರು ಬಂದ ದಿನದಿಂದ ಕಂಪನಿ ವ್ಯಾಪಾರ ನಿಲ್ಲಿಸಬೇಕು. ಲಾಭಕರವಾಗಿ ಮುಚ್ಚಲು ಅಗತ್ಯವಿರುವಷ್ಟು ಕೆಲಸ ಮಾತ್ರ ಮುಂದುವರಿಯಬಹುದು. ಅರ್ಧ ತಯಾರಾದ ಬಿಡಿಭಾಗಗಳನ್ನು ಪೂರ್ತಿ ಮಾಡಿ ಮಾರಿದರೆ ಗುಜರಿಗೆ ಹಾಕುವುದಕ್ಕಿಂತ ಹೆಚ್ಚು ಬರುವುದಾದರೆ ಅಷ್ಟು ಮಾಡಬಹುದು. ಹೊಸ ಆರ್ಡರ್ ಹಿಡಿಯುವಂತಿಲ್ಲ.

ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಪೀಣ್ಯದ ಕಂಪನಿಗೆ ಅದು ಕನ್ನಡ ಪತ್ರಿಕೆ. ಸಮಾಪನ ಆರಂಭದಿಂದ 30 ದಿನ, ಎಂದರೆ ಮೇ 24ರವರೆಗೆ, ಯಾರಿಗೆ ಏನು ಬರಬೇಕೋ ಅವರು ದಾಖಲೆ ಸಹಿತ ಕ್ಲೇಮ್ ಸಲ್ಲಿಸಬೇಕು. ಆಮೇಲಿನ 30 ದಿನಗಳಲ್ಲಿ ಲಿಕ್ವಿಡೇಟರ್ ಒಂದೊಂದನ್ನೂ ಕಂಪನಿಯ ಪುಸ್ತಕದ ಜೊತೆ ತಾಳೆ ನೋಡಿ ಪೂರ್ತಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ತಿರಸ್ಕರಿಸಲೂಬಹುದು. ಉದಾಹರಣೆಗೆ ಪ್ಲೇಟಿಂಗ್ ಮಾಡಿದವರು 7 ಲಕ್ಷ ಕೇಳುತ್ತಾರೆ. ಪುಸ್ತಕದಲ್ಲಿ ಕಾಣುವುದು 5 ಲಕ್ಷ. ವ್ಯತ್ಯಾಸ ಬಂದದ್ದು ವಾಪಸು ಕಳುಹಿಸಿದ ಸರಕಿನಿಂದ. ವಾಪಸಾದ ಚಲನ್ ಮೇಲೆ ಅವರ ಕಡೆಯವರ ಸಹಿ ಇದ್ದರೆ ಲಿಕ್ವಿಡೇಟರ್ 5 ಲಕ್ಷ ಮಾತ್ರ ಒಪ್ಪಿ, ಕಾರಣವನ್ನು ಬರೆದು ತಿಳಿಸುತ್ತಾರೆ. ಒಪ್ಪದಿದ್ದವರು ಆ ತೀರ್ಮಾನ ತಲುಪಿದ 14 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ನಮ್ಮ ರಾಜ್ಯಕ್ಕೆ ಅದರ ಬೆಂಗಳೂರು ಪೀಠ. ಕ್ಲೇಮ್ ಸಲ್ಲಿಸುವ ಕೊನೆಯ ದಿನಾಂಕದಿಂದ 45 ದಿನದೊಳಗೆ ಬಾಕಿ ಪಡೆಯಬೇಕಾದವರ ಪಟ್ಟಿ ಸಿದ್ಧವಾಗಬೇಕು.

ಕಡ್ಡಾಯ ಸಮಾಪನಕ್ಕೂ ಇದಕ್ಕೂ ಇರುವ ಒಂದು ವ್ಯತ್ಯಾಸ ಹಲವು ವಕೀಲರ ಗಮನಕ್ಕೂ ಬಂದಿರುವುದಿಲ್ಲ. ಕಡ್ಡಾಯ ಸಮಾಪನದ ಆದೇಶವಾದರೆ ಕಂಪನಿಯ ಮೇಲೆ ಹೊಸ ದಾವೆ ಹೂಡುವುದಕ್ಕೆ ತಡೆ ಬೀಳುತ್ತದೆ. ಆ ತಡೆ ಇರುವುದು 33ನೇ ಕಲಮಿನಲ್ಲಿ. 59ನೇ ಕಲಮು ಎರವಲು ಪಡೆದಿರುವುದು 35ರಿಂದ 53ರವರೆಗಿನ ಕಲಮುಗಳನ್ನು ಮತ್ತು ಅಪರಾಧ, ದಂಡನೆಗಳ ಅಧ್ಯಾಯವನ್ನು ಮಾತ್ರ. ಆದ್ದರಿಂದ ಸ್ವಯಂಪ್ರೇರಿತ ಸಮಾಪನ ನಡೆಯುತ್ತಿರುವಾಗಲೂ ಯಾರಾದರೂ ಕೋರ್ಟಿಗೆ ಹೋದರೆ ಅದಕ್ಕೆ ತಾನಾಗಿ ತಡೆಯಿಲ್ಲ; ಲಿಕ್ವಿಡೇಟರ್ ಹೋಗಿ ಕಂಪನಿಯ ಪರ ವಾದಿಸಬೇಕಾಗುತ್ತದೆ.

ಹಣದ ವಿಷಯಕ್ಕೆ ಬರೋಣ. ಕಂಪನಿಯ ಹೆಸರಿನ ಮುಂದೆ ಸ್ವಯಂಪ್ರೇರಿತ ಸಮಾಪನದಲ್ಲಿದೆ ಎಂಬ ಮಾತು ಸೇರಿಸಿ ಹೊಸ ಬ್ಯಾಂಕ್ ಖಾತೆ ತೆರೆಯಲಾಗುತ್ತದೆ. ಬಂದದ್ದೆಲ್ಲ ಅದಕ್ಕೇ ಜಮೆ. 5,000 ರೂಪಾಯಿ ಮೀರಿದ ಪಾವತಿ ಚೆಕ್ ಅಥವಾ ಆನ್‌ಲೈನ್ ಮೂಲಕವೇ ಆಗಬೇಕು. ಕೈಗೆ ಬಂದ ಹಣವನ್ನು 30 ದಿನದೊಳಗೆ ಹಂಚಬೇಕು. 2022ಕ್ಕೆ ಮೊದಲು ಇದಕ್ಕೆ ಆರು ತಿಂಗಳಿತ್ತು. ನಮ್ಮ ಕಂಪನಿಯಂತೆ ಸಾಲದಾತರ ಒಪ್ಪಿಗೆ ಪಡೆದು ನಡೆಯುವ ಸಮಾಪನ 270 ದಿನದಲ್ಲಿ ಮುಗಿಯಬೇಕೆಂಬುದು ನಿಯಮದ ಅಪೇಕ್ಷೆ, ಸಾಲವೇ ಇಲ್ಲದ್ದಕ್ಕೆ 90 ದಿನ.

ಹಂಚುವ ಸರದಿ 53ನೇ ಕಲಮಿನಲ್ಲಿದೆ. ಎಲ್ಲಕ್ಕಿಂತ ಮೊದಲು ಸಮಾಪನದ ವೆಚ್ಚ. ಅದಾದ ಮೇಲೆ ಇಬ್ಬರು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ: ಸಮಾಪನ ಆರಂಭಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ ಮತ್ತು ತನ್ನ ಭದ್ರತೆಯನ್ನು ಲಿಕ್ವಿಡೇಟರ್‌ಗೆ ಬಿಟ್ಟುಕೊಟ್ಟ ಬ್ಯಾಂಕಿನ ಸಾಲ. ಮೂರನೆಯದಾಗಿ ಇತರ ನೌಕರರ ಹಿಂದಿನ 12 ತಿಂಗಳ ಬಾಕಿ. ನಾಲ್ಕನೆಯದು ಭದ್ರತೆಯಿಲ್ಲದ ಹಣಕಾಸು ಸಾಲ. ಐದನೆಯ ಪಂಕ್ತಿಯಲ್ಲಿ ಹಿಂದಿನ ಎರಡು ವರ್ಷಗಳಿಗೆ ಸಂಬಂಧಿಸಿದ ಸರ್ಕಾರಿ ಬಾಕಿ, ಅದರ ಜೊತೆ ಸಮನಾಗಿ, ಭದ್ರತೆಯನ್ನು ತಾನೇ ಮಾರಿಕೊಂಡ ಬ್ಯಾಂಕಿಗೆ ಇನ್ನೂ ಉಳಿದ ಸಾಲ. ಆಮೇಲೆ ಮಿಕ್ಕ ಎಲ್ಲ ಬಾಕಿ. ಸರಬರಾಜುದಾರರು ಇರುವುದು ಇಲ್ಲೇ. ಅವರಾದ ಮೇಲೆ ಪ್ರಿಫರೆನ್ಸ್ ಷೇರುದಾರರು, ಕಟ್ಟಕಡೆಗೆ ಸಾಮಾನ್ಯ ಷೇರುದಾರರು. ಒಂದು ಪಂಕ್ತಿಯವರಿಗೆ ಪೂರ್ತಿ ಬಡಿಸಿ ಮುಗಿದ ಮೇಲೆಯೇ ಮುಂದಿನ ಪಂಕ್ತಿ. ಹಣ ಸಾಲದಿದ್ದರೆ ಆ ಪಂಕ್ತಿಯೊಳಗಿನವರಿಗೆ ಅವರವರ ಬಾಕಿಯ ಅನುಪಾತದಲ್ಲಿ ಹಂಚಿಕೆ. ಪ್ರಾವಿಡೆಂಟ್ ಫಂಡ್, ಪಿಂಚಣಿ ನಿಧಿ ಮತ್ತು ಗ್ರಾಚುಯಿಟಿ ನಿಧಿಯಿಂದ ಕಾರ್ಮಿಕರಿಗೂ ನೌಕರರಿಗೂ ಬರಬೇಕಾದ ಹಣ ಈ ಸರದಿಗೇ ಸೇರುವುದಿಲ್ಲ. ಅದು ಕಂಪನಿಯ ಆಸ್ತಿಯಲ್ಲ ಎಂದು 36ನೇ ಕಲಮು ಹೇಳುತ್ತದೆ.

ಎಲ್ಲ ಸುಸೂತ್ರವಾಗಿ ನಡೆದರೆ ಲೆಕ್ಕ ಹೀಗಿರುತ್ತದೆ. ಯಂತ್ರಗಳು ಅಂದಾಜಿಗಿಂತ ಕಡಿಮೆಗೆ, 95 ಲಕ್ಷಕ್ಕೆ ಹೋದವು. ಗ್ರಾಹಕರಿಂದ 44 ಲಕ್ಷ ಬಂತು. ಅಡ್ವಾನ್ಸ್ ಮತ್ತು ಬ್ಯಾಂಕ್ ಹಣ ಪೂರ್ತಿ ಸಿಕ್ಕಿತು. ಒಟ್ಟು 189 ಲಕ್ಷದಲ್ಲಿ ವೆಚ್ಚ 9 ಲಕ್ಷ ಕಳೆದು, 120 ಲಕ್ಷದ ಸಾಲ ತೀರಿಸಿದರೆ ಅಣ್ಣ-ತಮ್ಮಂದಿರಿಗೆ 60 ಲಕ್ಷ. ಅವರು ನಿರೀಕ್ಷಿಸಿದ್ದ 90 ಲಕ್ಷಕ್ಕಿಂತ ಕಡಿಮೆ ಬಂತು ಎಂಬುದಷ್ಟೇ ಬೇಸರ.

ಈಗ ಇದೇ ಕಂಪನಿಯ ಇನ್ನೊಂದು ಹಣೆಬರಹ ನೋಡೋಣ. ಯಂತ್ರಗಳಿಗೆ 60 ಲಕ್ಷವೇ ಬಂತು. ದೊಡ್ಡ ಗ್ರಾಹಕರೊಬ್ಬರು ಸರಕಿನ ಗುಣಮಟ್ಟದ ತಕರಾರು ತೆಗೆದು ಹಣ ತಡೆದರು, ಅಲ್ಲಿಂದ ಕೈಗೆ ಸಿಕ್ಕಿದ್ದು 20 ಲಕ್ಷ. ಶೆಡ್ಡಿನ ರಿಪೇರಿಗೆಂದು ಮಾಲೀಕರು ಅಡ್ವಾನ್ಸಿನಲ್ಲಿ ಅರ್ಧ ಹಿಡಿದುಕೊಂಡರು. ಬ್ಯಾಂಕಿನ 40 ಲಕ್ಷ ಸೇರಿ ಒಟ್ಟು 125 ಲಕ್ಷ. ಇದರ ಮೇಲೆ 14 ಲಕ್ಷದ ತೆರಿಗೆ ಡಿಮ್ಯಾಂಡ್ ಕ್ಲೇಮಾಗಿ ಬಂತು. ವೆಚ್ಚ ಕಳೆದರೆ ಕೈಯಲ್ಲಿರುವುದು 116 ಲಕ್ಷ. ಕೊಡಬೇಕಾದ್ದು 134 ಲಕ್ಷ.

ಈ ಹಂತದಲ್ಲಿ ಲಿಕ್ವಿಡೇಟರ್ ತಮ್ಮ ಪಾಡಿಗೆ ಹಂಚಿ ಮುಗಿಸುವಂತಿಲ್ಲ. ಸಾಲವನ್ನೆಲ್ಲ ತೀರಿಸಲು ಆಸ್ತಿ ಸಾಲದು ಎಂದು ಅನಿಸಿದರೆ, ಅಥವಾ ವಂಚನೆಗಾಗಿ ಸಮಾಪನ ನಡೆಯುತ್ತಿದೆ ಎಂದು ಕಂಡುಬಂದರೆ, ಪ್ರಕ್ರಿಯೆಯನ್ನು ತಡೆಹಿಡಿದು ಸೂಕ್ತ ಆದೇಶ ನೀಡುವಂತೆ ಅವರು ನ್ಯಾಯಮಂಡಳಿಯನ್ನು ಕೇಳಬೇಕೆಂದು ನಿಯಮಾವಳಿಯ 40ನೇ ನಿಯಮ ಹೇಳುತ್ತದೆ. ಇದೇ ಲಿಕ್ವಿಡೇಟರ್‌ರ ಪಾತ್ರದಲ್ಲಿ ಅತ್ಯಂತ ಕಷ್ಟದ ಗಳಿಗೆ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ತಮ್ಮನ್ನು ನೇಮಿಸಿದವರ ಘೋಷಣೆ ನಿಲ್ಲಲಿಲ್ಲ ಎಂದು ಅವರೇ ಹೋಗಿ ಹೇಳಬೇಕು. ಇದು ಮೊದಲೇ ಗೊತ್ತಾಗುವ ಜಾಗ ಒಂದಿದೆ. ಬಾಕಿ ಪಡೆಯಬೇಕಾದವರ ಪಟ್ಟಿ ಸಿದ್ಧವಾದ ದಿನ, ಒಪ್ಪಿದ ಕ್ಲೇಮುಗಳ ಮೊತ್ತವನ್ನು ಆವರೆಗೆ ಬಂದ ಹಣ ಮತ್ತು ಮಾರಲು ಉಳಿದ ಆಸ್ತಿಯ ಎದುರು ಇಟ್ಟು ನೋಡಿದರೆ ಸಾಕು. ಅದಕ್ಕೂ ಮೊದಲೇ ಆತುರಪಟ್ಟು ಯಾರಿಗಾದರೂ ಹಣ ಕೊಟ್ಟಿದ್ದರೆ ವಾಪಸು ಪಡೆಯುವುದು ದೊಡ್ಡ ತಲೆನೋವು.

ಆಮೇಲೆ ಕಂಪನಿ ಕಡ್ಡಾಯ ಸಮಾಪನಕ್ಕೆ ಹೋದರೂ ಹಂಚಿಕೆ ಅದೇ 53ನೇ ಕಲಮಿನಂತೆ. ಬೇರೆ ಖರ್ಚುಗಳನ್ನು ಪಕ್ಕಕ್ಕಿಟ್ಟು 116 ಲಕ್ಷವನ್ನೇ ಹಂಚೋಣ. ಬ್ಯಾಂಕು ಭದ್ರತೆ ಬಿಟ್ಟುಕೊಟ್ಟಿದ್ದರೆ ಅದಕ್ಕೆ 60, ಕಾರ್ಮಿಕರಿಗೆ 12, ಸಿಬ್ಬಂದಿಗೆ 6, ಹಣಕಾಸು ಸಂಸ್ಥೆಗೆ 15, ಎಲ್ಲವೂ ಪೂರ್ತಿ. ಉಳಿದದ್ದು 23 ಲಕ್ಷ. 14 ಲಕ್ಷದ ಡಿಮ್ಯಾಂಡ್ ಹಿಂದಿನ ಎರಡು ವರ್ಷದೊಳಗಿನ ಅವಧಿಗೆ ಸೇರಿದ್ದರೆ, ಜಿಎಸ್‌ಟಿಯ 4 ಲಕ್ಷವೂ ಸೇರಿ ಸರ್ಕಾರಕ್ಕೆ 18 ಲಕ್ಷ. ಸರಬರಾಜುದಾರರ 23 ಲಕ್ಷಕ್ಕೆ ಉಳಿಯುವುದು 5 ಲಕ್ಷ, ರೂಪಾಯಿಗೆ 22 ಪೈಸೆಗಿಂತ ತುಸು ಕಡಿಮೆ. ಅದೇ ಡಿಮ್ಯಾಂಡ್ ಅದಕ್ಕಿಂತ ಹಳೆಯ ಅವಧಿಯದ್ದಾದರೆ ಅದು ಸರಬರಾಜುದಾರರ ಪಂಕ್ತಿಗೇ ಇಳಿಯುತ್ತದೆ. ಆಗ 19 ಲಕ್ಷವನ್ನು 37 ಲಕ್ಷದ ಬಾಕಿಗೆ ಹಂಚಬೇಕು; ರೂಪಾಯಿಗೆ 51 ಪೈಸೆ. ಉಕ್ಕು ಕೊಟ್ಟವರ ಪಾಲು ಎರಡು ಪಟ್ಟಿಗೂ ಮಿಗಿಲಾದದ್ದು ತೆರಿಗೆಯ ಅವಧಿ ಯಾವುದು ಎಂಬ ಒಂದೇ ಸಂಗತಿಯಿಂದ. ಆದ್ದರಿಂದ ಲಿಕ್ವಿಡೇಟರ್ ನೋಡಬೇಕಾದ್ದು ಡಿಮ್ಯಾಂಡ್ ನೋಟಿಸಿನ ತಾರೀಖನ್ನಲ್ಲ, ತೆರಿಗೆ ಯಾವ ಅವಧಿಗೆ ಸಂಬಂಧಿಸಿದ್ದು ಎಂಬುದನ್ನು.

ಬ್ಯಾಂಕಿನ ಆಯ್ಕೆಯೂ ಇಷ್ಟೇ ನಿರ್ಣಾಯಕ. 52ನೇ ಕಲಮಿನಂತೆ ಅದು ಭದ್ರತೆಯನ್ನು ಬಿಟ್ಟುಕೊಡಬಹುದು ಅಥವಾ ತಾನೇ ಯಂತ್ರಗಳನ್ನು ಮಾರಿಕೊಳ್ಳಬಹುದು. ಬ್ಯಾಂಕು ಅವಸರದಲ್ಲಿ ತಾನೇ ಮಾರಿ 45 ಲಕ್ಷಕ್ಕೆ ಕೊಟ್ಟಿತೆನ್ನಿ. ಅದರ ಉಳಿದ 15 ಲಕ್ಷ ಎರಡನೇ ಪಂಕ್ತಿಯಿಂದ ಐದನೇ ಪಂಕ್ತಿಗೆ ಬೀಳುತ್ತದೆ. ಲಿಕ್ವಿಡೇಟರ್ ಬಳಿ ಯಂತ್ರಗಳಿಲ್ಲದ 65 ಲಕ್ಷದಲ್ಲಿ ವೆಚ್ಚ, ಕಾರ್ಮಿಕರು, ಸಿಬ್ಬಂದಿ, ಹಣಕಾಸು ಸಂಸ್ಥೆ ಆದ ಮೇಲೆ 23 ಲಕ್ಷವೇ ಉಳಿಯುತ್ತದೆ. ಅದನ್ನು ಸರ್ಕಾರದ 18 ಮತ್ತು ಬ್ಯಾಂಕಿನ 15, ಒಟ್ಟು 33 ಲಕ್ಷಕ್ಕೆ ಹಂಚಿದರೆ ಇಬ್ಬರಿಗೂ ರೂಪಾಯಿಗೆ ಸುಮಾರು 70 ಪೈಸೆ. ಸರಬರಾಜುದಾರರಿಗೆ ಬಿಡಿಗಾಸೂ ಇಲ್ಲ.

ಸರ್ಕಾರದ ಬಾಕಿಯ ಬಗ್ಗೆ ಕೋರ್ಟುಗಳಲ್ಲೂ ಎಳೆದಾಟ ನಡೆದಿದೆ. 2022ರ ಸೆಪ್ಟೆಂಬರಿನಲ್ಲಿ ರೇನ್‌ಬೋ ಪೇಪರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗುಜರಾತಿನ ವ್ಯಾಟ್ ಕಾಯ್ದೆಯ ಪ್ರಕಾರ ಆಸ್ತಿಯ ಮೇಲೆ ಹಕ್ಕು ಪಡೆದ ತೆರಿಗೆ ಇಲಾಖೆಯನ್ನು ಭದ್ರತೆಯುಳ್ಳ ಸಾಲದಾತ ಎಂದು ಎಣಿಸಿತು. ಆ ವಾದ ಎಲ್ಲೆಡೆ ಹಬ್ಬಿದ್ದರೆ ತೆರಿಗೆ ಐದನೇ ಪಂಕ್ತಿಯಿಂದ ಎರಡನೆಯದಕ್ಕೆ ಜಿಗಿಯುತ್ತಿತ್ತು. 2023ರ ಜುಲೈನಲ್ಲಿ ರಾಮನ್ ಇಸ್ಪಾತ್ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, ಸರ್ಕಾರಿ ಬಾಕಿಗೆ 53ನೇ ಕಲಮು ಬೇರೆಯೇ ಸ್ಥಾನ ಕೊಟ್ಟಿರುವುದನ್ನು ಎತ್ತಿ ಹೇಳಿ, ರೇನ್‌ಬೋ ತೀರ್ಪನ್ನು ಅದರ ಸಂಗತಿಗಳಿಗಷ್ಟೇ ಸೀಮಿತಗೊಳಿಸಿತು. ನನ್ನ ಅಭಿಪ್ರಾಯದಲ್ಲಿ ಎರಡನೆಯ ಓದೇ ಸಂಹಿತೆಯ ಆಶಯಕ್ಕೆ ಹತ್ತಿರ.

ಸಭೆಯಲ್ಲಿ ಒಬ್ಬರು ಕೇಳಿದರು: ಮುಚ್ಚುವ ಮುನ್ನ ಬೇಕಾದವರಿಗೆ ಬಾಕಿ ತೀರಿಸಿಬಿಟ್ಟರೆ ಸರದಿಯ ಗೊಡವೆಯೇ ಇರುವುದಿಲ್ಲವಲ್ಲ? ಅಷ್ಟು ಸುಲಭವಲ್ಲ. ಒಬ್ಬ ಸಾಲದಾತನಿಗೆ ಉಳಿದವರಿಗಿಂತ ಮೇಲುಗೈ ಸಿಗುವಂತೆ ಕೊಟ್ಟ ಹಣವನ್ನು, ಸಂಬಂಧಿಕರಿಗೆ ಕೊಟ್ಟದ್ದಾದರೆ ಹಿಂದಿನ ಎರಡು ವರ್ಷ, ಬೇರೆಯವರಿಗಾದರೆ ಒಂದು ವರ್ಷದವರೆಗೆ ಹಿಂದಕ್ಕೆ ಹೋಗಿ ಲಿಕ್ವಿಡೇಟರ್ ಪ್ರಶ್ನಿಸಬಹುದು. ದಿನನಿತ್ಯದ ವ್ಯವಹಾರದ ಪಾವತಿಗೆ ಇದು ತಾಗುವುದಿಲ್ಲ. ಘೋಷಣೆಗೆ ಎರಡು ತಿಂಗಳ ಮೊದಲು ಅಳಿಯನಿಂದ ಪಡೆದಿದ್ದ ಕೈಸಾಲವನ್ನು ಮಾತ್ರ ಆರಿಸಿ ತೀರಿಸಿದ್ದರೆ ತಾಗುತ್ತದೆ.

ಎಲ್ಲ ಹಂಚಿ ಮುಗಿದ ಮೇಲೆ ಲಿಕ್ವಿಡೇಟರ್ ಆಡಿಟ್ ಆದ ಲೆಕ್ಕದೊಡನೆ ಅಂತಿಮ ವರದಿ ಸಿದ್ಧಪಡಿಸಿ, ಕಂಪನಿಯನ್ನು ವಿಸರ್ಜಿಸುವಂತೆ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಇದಕ್ಕೆ ಆದಾಯ ತೆರಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕೆಂದು ಕಾದು ಕೂರುವ ಅಗತ್ಯವಿಲ್ಲ ಎಂದು ದಿವಾಳಿ ಮಂಡಳಿ 2021ರ ನವೆಂಬರಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಕ್ಲೇಮ್ ಸಲ್ಲಿಸುವ ಅವಕಾಶ ಇಲಾಖೆಗೂ ಎಲ್ಲರಂತೆ ಇದ್ದೇ ಇರುತ್ತದೆ. ಬಾಕಿ ಪಡೆಯಬೇಕಾಗಿದ್ದೂ ಪತ್ತೆಯಾಗದವರ ಹಣವನ್ನು ಅರ್ಜಿಗೆ ಮುನ್ನ ದಿವಾಳಿ ಮಂಡಳಿಯ ಪ್ರತ್ಯೇಕ ಖಾತೆಗೆ ಕಟ್ಟಬೇಕು. ಅವರು ಆಮೇಲೆ ಅಲ್ಲಿಂದ ಪಡೆಯಬಹುದು. ವಿಸರ್ಜನೆಯ ಆದೇಶದ ಪ್ರತಿ 14 ದಿನದೊಳಗೆ ರಿಜಿಸ್ಟ್ರಾರ್‌ಗೆ ತಲುಪಬೇಕು. ದಾಖಲೆಗಳನ್ನು ಲಿಕ್ವಿಡೇಟರ್ ಕನಿಷ್ಠ ಎಂಟು ವರ್ಷ ಕಾಪಾಡಬೇಕು.

ಕೊನೆಯದಾಗಿ, ನಿರ್ದೇಶಕರು ಬ್ಯಾಂಕಿಗೆ ವೈಯಕ್ತಿಕ ಜಾಮೀನು ಕೊಟ್ಟಿದ್ದರೆ ಕಂಪನಿಯ ವಿಸರ್ಜನೆಯಿಂದ ಅದು ತಾನಾಗಿ ಕರಗುವುದಿಲ್ಲ. ಸಾಲ ಪೂರ್ತಿ ತೀರಿದ ದಿನವೇ ಜಾಮೀನಿನಿಂದ ಬಿಡುಗಡೆಯ ಪತ್ರವನ್ನೂ, ಯಂತ್ರಗಳ ಮೇಲಿನ ಚಾರ್ಜ್ ತೀರಿದೆಯೆಂದು ರಿಜಿಸ್ಟ್ರಾರ್ ಬಳಿ ದಾಖಲಿಸಲು ಬೇಕಾದ ಬ್ಯಾಂಕಿನ ಪತ್ರವನ್ನೂ ಒಟ್ಟಿಗೇ ಕೇಳಿ ಪಡೆಯಿರಿ. ಕಂಪನಿ ಇಲ್ಲವಾದ ಮೇಲೆ ಅದರ ಪರವಾಗಿ ಆ ಫಾರಂಗೆ ಸಹಿ ಹಾಕುವವರು ಯಾರೂ ಇರುವುದಿಲ್ಲ.